12 ಎಕರೆ ಕ್ಯಾಂಪಸ್‌ಗೆ ಮಳೆನೀರು ಸಂಗ್ರಹ, ಇಂಗುಬಾವಿ: 38 ಲಕ್ಷದ ಕೊಟೇಶನ್, ಮೂರು ವರ್ಷದಲ್ಲಿ ದುಡ್ಡು ವಾಪಸ್ ಅಂತಾರೆ. ಹೌದಾ?

ತಂಬಿಗೆ

ನೆಲಮಂಗಲದ ಕಡೆ ಇರುವ ಪದವಿ ಕಾಲೇಜಿನ ಕಟ್ಟಡ ವಿಭಾಗ ನೋಡಿಕೊಳ್ಳುತ್ತೇನೆ. 12 ಎಕರೆ ಜಾಗ, ಮೂರು ಕಟ್ಟಡ, ತಾರಸಿ ಒಟ್ಟು 4,000 ಚದರ ಮೀಟರ್. ಸಾವಿರ ಮಂದಿ ಬಂದು ಹೋಗುವ ವಿದ್ಯಾರ್ಥಿಗಳು, ಹಾಸ್ಟೆಲ್‌ನಲ್ಲಿ 200 ಮಂದಿ. ತರಗತಿ ಇರುವ ದಿನ ಸುಮಾರು 50 ಸಾವಿರ ಲೀಟರ್ ಬೇಕು. ಕಳೆದ ವರ್ಷ 12,000 ಲೀಟರ್‌ನ 420 ಲೋಡ್ ಟ್ಯಾಂಕರ್ ತರಿಸಿದ್ದೇವೆ. ಲೋಡಿಗೆ 1,200 ರೂ., ಒಟ್ಟು 5.04 ಲಕ್ಷ.

ಕೊಟೇಶನ್ ಹೀಗಿದೆ: 2 ಲಕ್ಷ ಲೀಟರ್ ಹೊಸ ಸಂಪ್‌ಗೆ 24 ಲಕ್ಷ, ಪೈಪು ಮತ್ತು ಫಿಲ್ಟರ್ 6 ಲಕ್ಷ, ಜಲ್ಲಿ ತುಂಬಿದ 10 ಇಂಗುಗುಂಡಿ 5 ಲಕ್ಷ, ಪಂಪು, ಪ್ಯಾನೆಲ್, ಬೋರ್ಡು ಸೇರಿ 3 ಲಕ್ಷ. ಉಳಿತಾಯದ ಹಾಳೆಯಲ್ಲಿ ತಾರಸಿ ನೀರು ವರ್ಷಕ್ಕೆ 36 ಲಕ್ಷ ಲೀಟರ್, ಅಂದರೆ 300 ಲೋಡ್, 3.6 ಲಕ್ಷ ರೂ. ಎಂದಿದೆ. ನೆಲಕ್ಕೆ ಇಂಗುವ ನೀರು 99 ಲಕ್ಷ ಲೀಟರ್, ಅಂದರೆ 825 ಲೋಡ್, 9.9 ಲಕ್ಷ ರೂ. ಒಟ್ಟು ವರ್ಷಕ್ಕೆ 13.5 ಲಕ್ಷ ಉಳಿತಾಯ ಅಂತೆ. ಮುಂದಿನ ಸಭೆಗೆ ಇದನ್ನು ಮಂಡಿಸಬೇಕು. ನಿರ್ವಹಣೆಗೆ ಎಷ್ಟು ಇಡಬೇಕು ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ತಿಳಿದವರು ಹೇಳಿ.

ಲೆಕ್ಕದ ಪುಸ್ತಕ

ಮೊದಲು ತಾರಸಿಯದ್ದು ನೋಡೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಕಡೆ ವರ್ಷಕ್ಕೆ 900 ಮಿ.ಮೀ. ಹಿಡಿದರೆ 36 ಲಕ್ಷ ಲೀಟರ್ ಆಗುತ್ತದೆ, ನಿಜ. ಆದರೆ ತಾರಸಿ ಹೀರಿಕೊಂಡಿದ್ದು, ಆವಿಯಾಗಿದ್ದು, ಮೊದಲ ಕೊಳೆನೀರು ಹೊರಬಿಟ್ಟಿದ್ದು ಎಲ್ಲ ಕಳೆದು 0.8ರಿಂದ ಗುಣಿಸಬೇಕು. ಆಗ 28.8 ಲಕ್ಷ ಲೀಟರ್, 240 ಲೋಡ್, 2.88 ಲಕ್ಷ ರೂ. ಇಂಗುವ ನೀರನ್ನು ಬಿಟ್ಟುಬಿಡಿ. 38 ಲಕ್ಷಕ್ಕೆ 2.88 ಲಕ್ಷ ಅಂದರೆ 13 ವರ್ಷ. ಕೊಟೇಶನ್‌ನಲ್ಲಿ ಶೇ. 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅದನ್ನೂ ಕೇಳಿ. ಸೇರಿಲ್ಲ ಅಂದರೆ ಇನ್ನೂ ಎರಡು ವರ್ಷ ಸೇರಿಸಿಕೊಳ್ಳಿ.

ಸೂರಿನ ನೀರು

ಲೆಕ್ಕದವರು ಅರ್ಧ ದಾರಿ ಬಂದು ನಿಂತಿದ್ದಾರೆ. ಮೇಡಂ, ನೀವು ಟ್ಯಾಂಕರ್‌ಗೆ ಕೊಡುವುದೇ 5.04 ಲಕ್ಷ. ಅದರಲ್ಲಿ 13.5 ಲಕ್ಷ ಉಳಿಸುವುದು ಹೇಗೆ? ಸಭೆಯಲ್ಲಿ ಈ ಒಂದು ಪ್ರಶ್ನೆ ಕೇಳಿದರೆ ಆ ಹಾಳೆ ಅಲ್ಲಿಗೇ ಮುಗಿಯಿತು.

240 ಲೋಡ್ ಕೂಡ ಸಿಗುವುದಿಲ್ಲ, ಯಾಕೆ ಅಂತ ಹೇಳುತ್ತೇನೆ. ಮಳೆನೀರಿಗೆ ಅದರದ್ದೇ ಆದ ಬೆಲೆ ಅಂತ ಇಲ್ಲ. ಅದು ಯಾವ ನೀರಿನ ಜಾಗಕ್ಕೆ ಬರುತ್ತದೋ ಆ ನೀರಿನ ಬೆಲೆಯೇ ಅದರ ಬೆಲೆ. ಟ್ಯಾಂಕರ್ ನೀರು ನಿಮಗೆ ಸಾವಿರ ಲೀಟರಿಗೆ 100 ರೂ. ಬೀಳುತ್ತಿದೆ. ಬೋರ್‌ವೆಲ್ ನೀರಿಗೆ ಕರೆಂಟು ಮಾತ್ರ. 800 ಅಡಿಯಿಂದ ಎತ್ತುವ ಪಂಪು ಸಾವಿರ ಲೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುತ್ತದೆ, ಅಂದರೆ 9 ರೂ. ಹತ್ತಿರ. ಮಳೆನೀರು ಟ್ಯಾಂಕರ್ ತಪ್ಪಿಸಿದರೆ 100 ರೂ. ಉಳಿತು, ಬೋರ್ ನಿಲ್ಲಿಸಿದರೆ 9 ರೂ. ಉಳಿತು.

ಈಗ ಮಳೆ ಯಾವಾಗ ಬೀಳುತ್ತದೆ ನೋಡಿ. ಬೆಂಗಳೂರು ಸುತ್ತ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೀಳುವ ಮಳೆ ಏಪ್ರಿಲ್-ಮೇ ಮಳೆಯ ಸುಮಾರು ಎರಡು ಪಟ್ಟು. ಟ್ಯಾಂಕರ್ ಓಡಾಟ ಜೋರಾಗುವುದು ಫೆಬ್ರವರಿಯಿಂದ ಮೇವರೆಗೆ. ನೀರು ಒಂದು ಕಾಲಕ್ಕೆ, ಖರ್ಚು ಇನ್ನೊಂದು ಕಾಲಕ್ಕೆ. ಹಾಗಾಗಿ ಮೂರು ವಿಷಯ ಬೇಕು. ತಿಂಗಳುವಾರು ಎಷ್ಟು ಲೋಡ್ ಬಂತು, ಬೋರ್‌ಗಳು ಮಳೆಗಾಲದಲ್ಲಿ ಮತ್ತು ಬೇಸಿಗೆಯಲ್ಲಿ ಎಷ್ಟೆಷ್ಟು ಕೊಡುತ್ತವೆ, ಹಳೆಯ ಸಂಪ್ ಏನಾದರೂ ಖಾಲಿ ಬಿದ್ದಿದೆಯಾ.

ಎರೆ ಹೊಲ

ಇಷ್ಟ್ಯಾಕ ಖರ್ಚ್ ಮಾಡ್ತೀರ್ರೀ? 12 ಎಕರೆ ಅದ ಅಂತೀರಿ. ಒಂದ ಕೃಷಿ ಹೊಂಡ ತೋಡ್ರಿ, 21 ಮೀಟರ್ ಉದ್ದ, 21 ಅಗಲ, 3 ಆಳ. ನಮ್ಮ ನವಲಗುಂದ ಕಡೆ ಎರಿ ಹೊಲದಾಗ ಹಾಳಿನೂ ಹಾಕಂಗಿಲ್ಲ, ಮಣ್ಣ ನೀರ ಹಿಡಿತದ. ಬೆಳಿಗೆ ಒಂದೆರಡ ಸಲ ನೀರ ಕೊಡಾಕ ಸಾಕಾಗ್ತದ. ಸಿಮೆಂಟಿನ ತೊಟ್ಟಿಗೆ 24 ಲಕ್ಷ ಅಂದ್ರ ಏನ್ರೀ ಅದು!

ತಂಬಿಗೆ

ನಮ್ಮದು ಹೊಲ ಅಲ್ಲ ಸರ್, ಕಾಲೇಜು. ಮಕ್ಕಳು ಓಡಾಡುವ ಜಾಗದಲ್ಲಿ ಹೊಂಡ ಅಂದರೆ ಆಡಳಿತ ಮಂಡಳಿಯವರು ಎದ್ದೇ ಹೋಗುತ್ತಾರೆ.

ಸೂರಿನ ನೀರು ಅವರಿಗೆ: ರಿಜಿಸ್ಟರ್ ನೋಡಿದೆ. ಫೆಬ್ರವರಿಯಿಂದ ಮೇ ಕೊನೆವರೆಗೆ 250 ಲೋಡ್, ಜೂನ್‌ನಿಂದ ನವೆಂಬರ್ 130, ಡಿಸೆಂಬರ್-ಜನವರಿ 40. ಎರಡು ಬೋರ್ ಸೇರಿ ಮಳೆಗಾಲದಲ್ಲಿ ದಿನಕ್ಕೆ 35 ಸಾವಿರ ಲೀಟರ್, ಬೇಸಿಗೆಯಲ್ಲಿ 20 ಸಾವಿರಕ್ಕೆ ಇಳಿಯುತ್ತದೆ. ಮೂರನೆಯ ಬೋರ್ ಬತ್ತಿ ನಾಲ್ಕು ವರ್ಷ ಆಯಿತು. ಹಾಸ್ಟೆಲ್ ಹಿಂದೆ 60 ಸಾವಿರ ಲೀಟರ್‌ನ ಹಳೆಯ ಸಂಪ್ ಇದೆ, ಸೋರುತ್ತದೆ ಅಂತ ಬಿಟ್ಟಿದ್ದೇವೆ. ಶೌಚಾಲಯ, ಬಟ್ಟೆ ಒಗೆಯುವ ಜಾಗಕ್ಕೆ ಮೇಲಿನ ಟ್ಯಾಂಕ್ ಮತ್ತು ಲೈನ್ ಬೇರೆಯೇ ಇದೆ. ಅಲ್ಲಿಗೆ ದಿನಕ್ಕೆ 25 ಸಾವಿರ ಲೀಟರ್ ಹೋಗುತ್ತದೆ.

ಸೂರಿನ ನೀರು

ಬೇರೆ ಲೈನ್ ಇರುವುದು ದೊಡ್ಡ ಅನುಕೂಲ. ಮಳೆನೀರನ್ನು ಆ 25 ಸಾವಿರಕ್ಕೆ ಮಾತ್ರ ಕೊಡಿ, ಕುಡಿಯುವ ನೀರಿನ ತಂಟೆಗೆ ಹೋಗಬೇಡಿ.

ಸಂಪ್ ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೆ ಪ್ರತಿದಿನದ ಮಳೆ ಹಾಕಿ ನೋಡಬೇಕು, ವಾರ್ಷಿಕ ಸರಾಸರಿ ಕೆಲಸಕ್ಕೆ ಬಾರದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ ಮಟ್ಟದಲ್ಲಿವೆ. ಅಲ್ಲಿಂದ ಮೂರು ವರ್ಷದ ದಿನವಹಿ ಅಂಕಿ ತೆಗೆದುಕೊಂಡು B ಕಾಲಂನಲ್ಲಿ ಹಾಕಿ. C ಒಳಬಂದ ನೀರು, E ಬಳಸಿದ್ದು, D ಸಂಜೆಗೆ ಸಂಪ್‌ನಲ್ಲಿ ಉಳಿದದ್ದು. ಎಲ್ಲ ಸಾವಿರ ಲೀಟರ್‌ಗಳಲ್ಲಿ. D2ರಲ್ಲಿ ಸೊನ್ನೆ ಇಟ್ಟು ಮೂರನೆಯ ಸಾಲಿನಿಂದ ಕೆಳಕ್ಕೆ ಎಳೆಯಿರಿ.

```
C3: =B3*4000*0.8/1000
E3: =MIN(25, D2+C3)
D3: =MIN(60, D2+C3-E3)
```

D ಸೂತ್ರದಲ್ಲಿ 60ರ ಬದಲು 50, 100, 200 ಹಾಕಿ ನೋಡಿ. ಆಮೇಲೆ ಒಂದು ತಿದ್ದುಪಡಿ ಇದೆ. ಜೂನ್-ನವೆಂಬರ್‌ನಲ್ಲಿ ನಿಮಗೆ ದಿನಕ್ಕೆ 15 ಸಾವಿರದಷ್ಟೇ ಟ್ಯಾಂಕರ್ ನೀರು ಬೇಕಾಗುವುದು. ಅಂದರೆ ಆ ತಿಂಗಳುಗಳಲ್ಲಿ ಬಳಸಿದ ಮಳೆನೀರಲ್ಲಿ ಐದರಲ್ಲಿ ಮೂರು ಪಾಲು ಟ್ಯಾಂಕರ್ ತಪ್ಪಿಸುತ್ತದೆ, ಉಳಿದದ್ದು ಬೋರ್‌ಗೆ ವಿಶ್ರಾಂತಿ. ಏಪ್ರಿಲ್-ಮೇ ಮಳೆ ಪೂರ್ತಿ ಟ್ಯಾಂಕರ್ ಲೆಕ್ಕಕ್ಕೇ ಬರುತ್ತದೆ.

ಪಾನಾ ಹಿಡಿದವ

ಸಂಪ್ ಲೆಕ್ಕ ನಡೀಲಿ, ಫಿಲ್ಟರ್ ಬಗ್ಗೆ ಒಂದು ಮಾತು. ಕೊಟೇಶನ್‌ನಲ್ಲಿ ಮರಳು, ಜಲ್ಲಿ, ಇದ್ದಿಲು ಅಂತ ಪದರ ಪದರ ಹಾಕಿದ ತೊಟ್ಟಿಯ ಚಿತ್ರ ಇದ್ದೇ ಇರುತ್ತೆ. ಅದನ್ನ ಸಂಪ್‌ಗೆ ಮುಂಚೆ ಕಟ್ಟಿದ್ರೆ ಜೋರು ಮಳೇಲಿ ಅರ್ಧಕ್ಕಿಂತ ಹೆಚ್ಚು ನೀರು ಮೇಲಿಂದ ಚೆಲ್ಲಿ ಚರಂಡಿಗೆ ಹೋಗುತ್ತೆ. ಒಂದು ಬ್ಲಾಕಿನ ತಾರಸಿ 1,300 ಚ.ಮೀ. ಅಂದುಕೊಳ್ಳಿ. ಗಂಟೆಗೆ 50 ಮಿ.ಮೀ. ಲೆಕ್ಕದಲ್ಲಿ ಸುರಿದ್ರೆ ಸೆಕೆಂಡಿಗೆ 18 ಲೀಟರ್ ಬರುತ್ತೆ. ಮರಳಿನೊಳಗೆ ಅಷ್ಟು ಬೇಗ ನೀರು ಇಳಿಯಲ್ಲ, ಇಳಿಸಬೇಕು ಅಂದ್ರೆ ಒಂದು ಕೋಣೆಯಷ್ಟು ಅಗಲದ ತೊಟ್ಟಿ ಬೇಕು.

ಅದಕ್ಕೇ ಸಂಪ್‌ಗೆ ಮುಂಚೆ ಎಲೆ ತಡೆಯೋ ಚೇಂಬರ್, ಆಮೇಲೆ ಸ್ಟೀಲ್ ಜಾಲರಿ ಫಿಲ್ಟರ್ ಅಷ್ಟೇ ಸಾಕು. ಮರಳಿನ ಫಿಲ್ಟರನ್ನ ಸಂಪ್ ಆದ ಮೇಲೆ ಪಂಪಿನ ಲೈನಿಗೆ ಹಾಕಿ. ಅಲ್ಲಿ ಗಂಟೆಗೆ ಮೂರು-ನಾಲ್ಕು ಸಾವಿರ ಲೀಟರ್ ಒಂದೇ ಸಮ ಹೋಗುತ್ತೆ, ಸಣ್ಣ ಫಿಲ್ಟರೇ ಸಾಕಾಗುತ್ತೆ.

ನೆಲದ ಪೈಪು ಬ್ಲಾಕಿಗೆ 160 ಎಂ.ಎಂ., ನೂರು ಅಡಿಗೆ ಒಂದಡಿ ಇಳಿಜಾರು. ಆ ಇಳಿಜಾರಲ್ಲಿ ಅದು ಹೊರೋದೂ ಸರಿಯಾಗಿ 18 ಲೀಟರೇ. 110 ಹಾಕಿ ಉಳಿಸ್ತೀವಿ ಅಂದ್ರೆ ಒಪ್ಪಬೇಡಿ, ತಾರಸೀಲಿ ನೀರು ನಿಂತು ಸೀಲಿಂಗ್ ಒದ್ದೆಯಾದಾಗ ಬೈಗುಳ ಪ್ಲಂಬರಿಗೇ.

ಮೊದಲ ಮಳೆ ಹೊರಬಿಡೋಕೆ ಒಂದು ಪೈಪ್ ನೆಟ್ಟು ಕೆಳಗೆ ಮುಚ್ಚಳ ಹಾಕ್ತಾರೆ. ಆರಡಿ ಪೈಪಲ್ಲಿ ಹಿಡಿಯೋದು 16-17 ಲೀಟರ್. ಒಂದು ಬ್ಲಾಕಿನ ಮೊದಲ ಒಂದು ಮಿ.ಮೀ. ನೀರೇ 1,300 ಲೀಟರ್! ಮನೆಗೆ ಸರಿ, ಕ್ಯಾಂಪಸ್‌ಗೆ ಅದು ಅಲಂಕಾರ. ಪ್ರತಿ ಬ್ಲಾಕಿಗೆ ಒಂದು ದೊಡ್ಡ ವಾಲ್ವ್ ಇಟ್ಟು, ಒಣ ದಿನಗಳು ಕಳೆದು ಬರೋ ಮೊದಲ ಮಳೇಲಿ ಕಾಲು ಗಂಟೆ ತೆರೆದಿಡಿ. ಆ ವಾಲ್ವ್ ಮುಚ್ಚೋದು ಯಾರ ಕೆಲಸ ಅಂತ ಬರೆದು ಹಚ್ಚಿ. ಇಲ್ದಿದ್ರೆ ಇಡೀ ಮಳೆಗಾಲ ತೆರೆದೇ ಇರುತ್ತೆ, ಸಂಪ್‌ಗೆ ಒಂದು ಹನಿ ಬರಲ್ಲ, ಸ್ಕೀಮೇ ದಂಡ ಅಂತಾರೆ.

ಬಂಡೆ ಸಂದು

ಇಂಗಿಸುವ ಭಾಗದ ಬಗ್ಗೆ. ಜಲ್ಲಿ ತುಂಬಿದ ಗುಂಡಿಗಳನ್ನು ಪಟ್ಟಿಯಿಂದ ತೆಗೆಸಿ. ಜಲ್ಲಿ ತುಂಬಿದರೆ ನೀರಿಗೆ ಜಾಗ ಉಳಿಯುವುದು ಶೇ. 40ರಷ್ಟು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೂಳು ಕೆಳಗಿಳಿದು ತಳ ಮುಚ್ಚಿಕೊಳ್ಳುತ್ತದೆ. ಸ್ವಚ್ಛ ಮಾಡಬೇಕಾದರೆ ಪೂರ್ತಿ ಜಲ್ಲಿ ಎತ್ತಬೇಕು, ಯಾರೂ ಎತ್ತುವುದಿಲ್ಲ.

ಅದರ ಬದಲು ಬಾವಿ ತೋಡುವ ಮಣ್ಣು ವಡ್ಡರಿಂದ ತೆರೆದ ಇಂಗುಬಾವಿ ಮಾಡಿಸಿ. ಮೂರಡಿ ಅಗಲದ ಸಿಮೆಂಟ್ ರಿಂಗು, 25 ಅಡಿ ಆಳ, ರಿಂಗುಗಳ ನಡುವೆ ಸಿಮೆಂಟ್ ಮೆತ್ತುವ ಹಾಗಿಲ್ಲ, ಹೊರಗಿನ ಸಂದಿಗೆ ಮಾತ್ರ ಜಲ್ಲಿ. ತಳ ಬರಿಗರಸು, ಒಳಗೆ ಏನೂ ತುಂಬಬೇಡಿ. ಮೇಲೆ ಕಬ್ಬಿಣದ ಜಾಲರಿ ಮತ್ತು ಮುಚ್ಚಳ. ಒಂದು ಬಾವಿ ತುಂಬಿದರೆ 5,000 ಲೀಟರ್ ಹಿಡಿಯುತ್ತದೆ. ಆದರೆ ಹಿಡಿಯುವುದಕ್ಕಿಂತ ಇಳಿಯುವುದು ಮುಖ್ಯ. ಕೆಂಪು ಮಣ್ಣು ದಾಟಿ ಗರಸು ಸಿಕ್ಕರೆ ಚೆನ್ನಾಗಿ ಇಳಿಯುತ್ತದೆ, ಜೇಡಿ ಸಿಕ್ಕರೆ ಇಲ್ಲ.

ಹಾಗಾಗಿ ಹತ್ತು ಬಾವಿ ಒಟ್ಟಿಗೆ ತೋಡಿಸಬೇಡಿ. ಕ್ಯಾಂಪಸ್‌ನ ತಗ್ಗಿನ ಕಡೆ ಒಂದು ತೋಡಿಸಿ, ಅರ್ಧ ಟ್ಯಾಂಕರ್ ನೀರು ಸುರಿದು, ಗಂಟೆಗೆ ಎಷ್ಟು ಅಡಿ ಇಳಿಯಿತು ಅಂತ ಹಗ್ಗ ಬಿಟ್ಟು ಅಳೆಯಿರಿ. ಮೊದಲ ಸಲ ಒಣ ಮಣ್ಣು ಬೇಗ ಕುಡಿಯುತ್ತದೆ, ಅದನ್ನು ನಂಬಬೇಡಿ. ಮರುದಿನ ಮತ್ತೆ ತುಂಬಿಸಿ ಅಳೆದದ್ದೇ ಲೆಕ್ಕ. ಒಂದು ರಾತ್ರಿಯಲ್ಲಿ ಖಾಲಿಯಾದರೆ ಉಳಿದವುಗಳಿಗೆ ಕೈ ಹಾಕಿ. ಮೂರು ದಿನ ನಿಂತರೆ ಜಾಗ ಬದಲಿಸಿ.

ಮತ್ತೆ, ಇಂಗಿದ ನೀರು ನಿಮ್ಮ ಬೋರ್‌ಗೇ ಬರುತ್ತದೆ ಅನ್ನುವುದಕ್ಕೆ ಯಾರೂ ಗ್ಯಾರಂಟಿ ಕೊಡಲಾರರು. ಕೆಳಗಿರುವುದು ಗಟ್ಟಿ ಬಂಡೆ. ಇಂಗುಬಾವಿ ತುಂಬಿಸುವುದು ಮೇಲಿನ ಸಡಿಲ ಪದರವನ್ನು, 800 ಅಡಿ ಬೋರ್ ಕುಡಿಯುವುದು ಆಳದ ಬಿರುಕಿನಿಂದ. ಎರಡಕ್ಕೂ ಸಂಪರ್ಕ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಪಕ್ಕದ ಲೇಔಟಿನ ಬೋರ್‌ಗೆ ಪುಣ್ಯ. ಅದಕ್ಕೇ ಉಳಿತಾಯದ ಕಾಲಂನಲ್ಲಿ ಇಂಗುಬಾವಿಗೆ ಸೊನ್ನೆ ಹಾಕಿ. ಖರ್ಚಿನ ಕಾಲಂನಲ್ಲಿ ಇರಲಿ.

ಕಡಲ ಕರೆ

ಮಾರಾಯ್ರೆ, ನಮ್ಮ ಉಡುಪಿ ಕಡೆ ಮಳೆ ನಿಮ್ಮದಕ್ಕಿಂತ ನಾಲ್ಕು ಪಟ್ಟು. ಆದರೂ ಮೇ ತಿಂಗಳಲ್ಲಿ ಟ್ಯಾಂಕರ್ ಬರ್ತದೆ. ಮುರಕಲ್ಲಿನಲ್ಲಿ ಇಂಗಿಸಿದ್ದು ಇಂಗಿದ ಹಾಗೇ ಹೊಳೆಗೆ ಹೋಗಿ ಆಗ್ತದೆ. ಕಾಲದ್ದೇ ಸಮಸ್ಯೆ, ಪ್ರಮಾಣದ್ದಲ್ಲ.

ತಂಬಿಗೆ

ಮೂರು ವರ್ಷದ ಮಳೆ ಹಾಕಿ ನೋಡಿದೆ. ತಿದ್ದುಪಡಿ ಆದ ಮೇಲೆ ವರ್ಷಕ್ಕೆ ತಪ್ಪುವ ಟ್ಯಾಂಕರ್ ಸರಾಸರಿ ಹೀಗೆ ಬಂತು: ಸಂಪ್ 50 ಸಾವಿರ ಇದ್ದರೆ 75 ಲೋಡ್, 1 ಲಕ್ಷ ಇದ್ದರೆ 108, 2 ಲಕ್ಷ ಇದ್ದರೆ 129. ನಾಲ್ಕು ಪಟ್ಟು ದೊಡ್ಡ ಸಂಪ್‌ಗೆ ಎರಡು ಪಟ್ಟೂ ಸಿಗುತ್ತಿಲ್ಲ. ನನ್ನ ಸೂತ್ರವೇ ತಪ್ಪಿರಬಹುದಾ?

ಸೂರಿನ ನೀರು

ತಪ್ಪಿಲ್ಲ. ಸಂಪ್ ದುಡಿಯುವುದು ಎಷ್ಟು ಸಲ ಖಾಲಿಯಾಗಿ ಮತ್ತೆ ತುಂಬಿತು ಅನ್ನುವುದರ ಮೇಲೆ. 50 ಸಾವಿರದ್ದು ಎರಡು ದಿನಕ್ಕೆ ಖಾಲಿ, ಮುಂದಿನ ಮಳೆಗೆ ಸಿದ್ಧ. 2 ಲಕ್ಷದ್ದರ ಮೇಲಿನ ಅರ್ಧ ವರ್ಷಕ್ಕೆ ಕೆಲವೇ ಸಲ ನೀರು ಕಾಣುತ್ತದೆ.

ನೆಲದೊಳಗಿನ ಆರ್‌ಸಿಸಿ ಸಂಪ್‌ಗೆ ಲೀಟರಿಗೆ 12 ರೂ. ಹಿಡಿಯಿರಿ, ನಿಮ್ಮ ಕೊಟೇಶನ್ ದರವೂ ಅದೇ. 1 ಲಕ್ಷದಿಂದ 2 ಲಕ್ಷಕ್ಕೆ ಹೋಗಲು 12 ಲಕ್ಷ ರೂ. ಬೇಕು. ಅದರಿಂದ ಸಿಗುವುದು 21 ಲೋಡ್, ವರ್ಷಕ್ಕೆ 25,200 ರೂ. ಆ ದುಡ್ಡು ಹಿಂದಕ್ಕೆ ಬರಲು 48 ವರ್ಷ. 50 ಸಾವಿರದಿಂದ 1 ಲಕ್ಷಕ್ಕೆ ಹೋದರೂ 6 ಲಕ್ಷಕ್ಕೆ 33 ಲೋಡ್, 15 ವರ್ಷ. ಹೊಸ ಸಂಪ್ ಯೋಚನೆ ಬಿಡಿ. ಹಾಸ್ಟೆಲ್ ಹಿಂದಿನ 60 ಸಾವಿರದ್ದನ್ನೇ ರಿಪೇರಿ ಮಾಡಿಸಿ, 80 ಲೋಡ್ ತಪ್ಪುತ್ತದೆ ಅಂದುಕೊಳ್ಳಿ.

ನನ್ನ ಅಂದಾಜು ಬರೆಯುತ್ತೇನೆ. ದರ ನಿಮ್ಮಲ್ಲಿ ಸ್ವಲ್ಪ ಆಚೆ ಈಚೆ ಆಗಬಹುದು.

- ಸಂಪ್ ಬಿರುಕು ಮುಚ್ಚಿ ಒಳಗೆ ವಾಟರ್‌ಪ್ರೂಫಿಂಗ್: 1.2 ಲಕ್ಷ
- 160 ಎಂ.ಎಂ. ಪೈಪು 220 ಮೀಟರ್, ಅಗೆತ ಮತ್ತು ಫಿಟಿಂಗ್ ಸೇರಿ ಮೀಟರಿಗೆ 650: 1.43 ಲಕ್ಷ
- ತಾರಸಿಯಿಂದ ಇಳಿಯುವ ಪೈಪುಗಳ ರಿಪೇರಿ: 60 ಸಾವಿರ
- ಜಾಲರಿ ಫಿಲ್ಟರ್ ಮೂರು: 1.35 ಲಕ್ಷ
- ಎಲೆ ಚೇಂಬರ್ ಮತ್ತು ಮೊದಲ ಮಳೆ ವಾಲ್ವ್, ಮೂರು ಕಡೆ: 45 ಸಾವಿರ
- ಎರಡು ಪಂಪು, ಸ್ಟಾರ್ಟರ್, ಮೇಲಿನ ಟ್ಯಾಂಕ್‌ವರೆಗೆ ಲೈನ್: 1.5 ಲಕ್ಷ
- ಮರಳು ಫಿಲ್ಟರ್ 50 ಸಾವಿರ, ನೀರಿನ ಮೀಟರ್ ಎರಡು 15 ಸಾವಿರ

ಸುಮಾರು 7.2 ಲಕ್ಷ. 80 ಲೋಡ್ ಅಂದರೆ 96 ಸಾವಿರ ರೂ. ಅದರಲ್ಲಿ ನಿರ್ವಹಣೆ 20 ಸಾವಿರ ಕಳೆದರೆ 76 ಸಾವಿರ. ಒಂಬತ್ತೂವರೆ ವರ್ಷಕ್ಕೆ ಹಾಕಿದ್ದು ಹಿಂದಕ್ಕೆ ಬರುತ್ತದೆ. ಬೋರ್ ಕರೆಂಟಿನ ಉಳಿತಾಯ ವರ್ಷಕ್ಕೆ ನಾಲ್ಕೈದು ಸಾವಿರ ಇದ್ದೀತು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇಂಗುಬಾವಿ ಆರು, ಒಂದಕ್ಕೆ 45 ಸಾವಿರದಂತೆ 2.7 ಲಕ್ಷ. ಹೂಳು ತಡೆಯುವ ತೊಟ್ಟಿ ಮತ್ತು ಕಾಲುವೆಗೆ 1.5 ಲಕ್ಷ. ಎರಡೂ ಸೇರಿ 4.2 ಲಕ್ಷ. ಒಟ್ಟು 11.4, ಅನಿರೀಕ್ಷಿತಕ್ಕೆ ಶೇ. 10 ಇಟ್ಟು 12.5 ಲಕ್ಷ ಕೇಳಿ.

ಲೆಕ್ಕದ ಪುಸ್ತಕ

ನನ್ನ 13 ವರ್ಷ ಹಿಂತೆಗೆದುಕೊಂಡೆ. ಆದರೆ ಟ್ಯಾಂಕರ್ ದರ 1,200ರಲ್ಲೇ ನಿಲ್ಲುತ್ತದಾ? 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 12,000 ಲೀಟರಿಗೆ 5 ಕಿ.ಮೀ. ಒಳಗೆ 1,000, 10 ಕಿ.ಮೀ. ಒಳಗೆ 1,200 ಅಂತ ನಿಗದಿ ಮಾಡಬೇಕಾಗಿ ಬಂದದ್ದೇ ದರ ಕೈಮೀರಿದ್ದಕ್ಕೆ. 1,800 ಆದರೆ ನಿಮ್ಮ ಲೆಕ್ಕ ಆರು ವರ್ಷಕ್ಕೆ ಇಳಿಯುತ್ತದೆ.

ಸೂರಿನ ನೀರು

ಇಳಿಯುತ್ತದೆ. ಆದರೆ ದರ ಏರುವುದು ಮಾರ್ಚ್-ಏಪ್ರಿಲ್‌ನಲ್ಲಿ, ನಿಮ್ಮ 80 ಲೋಡ್‌ನಲ್ಲಿ ಮುಕ್ಕಾಲು ಪಾಲು ತಪ್ಪುವುದು ಜೂನ್ ಆದಮೇಲೆ. ಎಲ್ಲದಕ್ಕೂ 1,800 ಹಾಕಿದರೆ ಕೊಟೇಶನ್ ಬರೆದವರು ಮಾಡಿದ ತಪ್ಪನ್ನೇ ನಾವೂ ಸಣ್ಣದಾಗಿ ಮಾಡಿದಂತೆ.

ಇದನ್ನು ಬರೆಯುವಾಗ ಎರೆ ಹೊಲದವರ ಮಾತಿಗೆ ಮರಳಬೇಕು ಅನಿಸಿತು. ನಾವೆಲ್ಲ ಅದನ್ನು ದಾಟಿಕೊಂಡು ಬಂದೆವು. ಅಕ್ಟೋಬರ್ ನೀರನ್ನು ಮಾರ್ಚ್‌ಗೆ ಒಯ್ಯಬಲ್ಲದ್ದು ಇಡೀ ಪಟ್ಟಿಯಲ್ಲಿ ಅದೊಂದೇ. 21×21×3 ಮೀಟರ್ ಹೊಂಡ ಓರೆ ಬದಿ ಬಿಟ್ಟು ತೋಡಿದರೆ ಒಂಬತ್ತೂವರೆ ಲಕ್ಷ ಲೀಟರ್ ಹತ್ತಿರ ಹಿಡಿಯುತ್ತದೆ. ನಿಮ್ಮ ಸಂಪ್ ಮಳೆಗಾಲದಲ್ಲಿ ಚೆಲ್ಲುವ ನೀರು, ಹೊಂಡದ ಮೇಲೇ ಬೀಳುವ ಮಳೆ ಎರಡೂ ಸೇರಿ ಅದನ್ನು ಹೆಚ್ಚುಕಡಿಮೆ ತುಂಬಿಸುತ್ತವೆ. ನೆಲಮಂಗಲದ ಕೆಂಪು ಮಣ್ಣು ನೀರು ಹಿಡಿಯುವುದಿಲ್ಲ, ಪ್ಲಾಸ್ಟಿಕ್ ಹಾಳೆ ಹಾಕಲೇಬೇಕು. ಆವಿಯಾಗಿ ದಿನಕ್ಕೆ ಐದಾರು ಮಿ.ಮೀ. ಹೋಗುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮೂರೂವರೆ ಲಕ್ಷ ಲೀಟರ್ ಗಾಳಿಗೆ ಹೋದರೂ 6 ಲಕ್ಷ ಉಳಿಯಿತು. 50 ಲೋಡ್, ಅದೂ ಪೂರ್ತಿ ಬೇಸಿಗೆಯವು. ತೋಡುವುದು, ಹಾಳೆ, ಬಿಗಿಯಾದ ಬೇಲಿ ಸೇರಿ 3.5 ಲಕ್ಷ ಹಿಡಿದರೆ ವರ್ಷಕ್ಕೆ 60 ಸಾವಿರ. ಸಂಪ್‌ಗಿಂತ ಬೇಗ ದುಡ್ಡು ಹಿಂದಿರುಗುತ್ತದೆ.

ಎರೆ ಹೊಲ

ಮತ್ತ! ಹಾಳಿ ಮ್ಯಾಲೆ ನೇರ ಬಿಸಿಲು ಬಿದ್ರ ಐದಾರ ವರ್ಷಕ್ಕ ಹರಿತದ, ಅದನ್ನ ಮತ್ತ ಹಾಕ್ಸಾಕ ರೊಕ್ಕ ತಗದ ಇಡ್ರಿ. ಬದಿಗೆ ಹಗ್ಗದ ನಿಚ್ಚಣಿಕಿ ಕಟ್ರಿ, ಯಾರರ ಬಿದ್ರ ಆ ಜಾರು ಹಾಳಿ ಮ್ಯಾಲೆ ಹತ್ತಾಕ ಆಗಂಗಿಲ್ಲ. ನಾಕ ಗಪ್ಪಿ ಮೀನ ಬಿಡ್ರಿ, ಸೊಳ್ಳಿ ಮರಿ ತಿಂತಾವ.

ಬಂಡೆ ಸಂದು

ಹೊಂಡಕ್ಕೆ ನೀರು ತಿರುಗಿಸಿದರೆ ಇಂಗುಬಾವಿಗೆ ತಾರಸಿಯ ಚೆಲ್ಲು ನೀರು ಉಳಿಯುವುದಿಲ್ಲ, ಮೈದಾನದ ನೀರು ಮಾತ್ರ. ಅದು ಹೂಳಿನ ನೀರು. ಹಾಗಾದರೆ ಆರು ಬಾವಿ ಬೇಡ, ಮೂರು ಸಾಕು, ಹೂಳು ತೊಟ್ಟಿ ಮಾತ್ರ ದೊಡ್ಡದಿರಲಿ. ಅಷ್ಟೂ ನೀರನ್ನು ಹೊಂಡದಲ್ಲಿ ಕಟ್ಟಿಹಾಕುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೂರೂವರೆ ಲಕ್ಷ ಲೀಟರ್ ಆವಿಯಾಗಲು ಬಿಡುವ ಬದಲು ಅದನ್ನು ನೆಲಕ್ಕೆ ಕೊಡಬಹುದಿತ್ತು.

ಸೂರಿನ ನೀರು

ನೆಲಕ್ಕೆ ಕೊಟ್ಟದ್ದು ಅವರ ಬೋರ್‌ಗೆ ಬರುವ ಗ್ಯಾರಂಟಿ ಇಲ್ಲ ಅಂತ ನೀವೇ ಅಂದಿರಿ.

ಬಂಡೆ ಸಂದು

ಅಂದೆ. ಊರಿಗೆ ಬರುತ್ತದೆ ಅಂತಲೂ ಅಂದೆ. ಯಾರ ಲೆಕ್ಕದ ಪುಸ್ತಕ ನೋಡುತ್ತೇವೆ ಅನ್ನುವುದರ ಮೇಲೆ ಹೋಗುತ್ತದೆ, ಅದು ಇಲ್ಲಿ ತೀರ್ಮಾನ ಆಗುವುದಲ್ಲ.

ಪಾನಾ ಹಿಡಿದವ

ನಿರ್ವಹಣೆ ಕೇಳಿದ್ರಿ ಮೇಡಂ, ಯಾರೂ ಬಿಡಿಸಿ ಹೇಳ್ಲಿಲ್ಲ. ಏಪ್ರಿಲ್ ಮೊದಲ ವಾರ ತಾರಸಿ ಗುಡಿಸಿ, ಪೈಪಿನ ಬಾಯಿಗಳಿಗೆ ಜಾಲರಿ ಇದೆಯಾ ನೋಡಿ, ಸಂಪ್ ತೊಳೆಸಿ. ಆಗಸ್ಟ್ ಕೊನೇಲಿ ದೊಡ್ಡ ಮಳೆಗೆ ಮುಂಚೆ ಇನ್ನೊಮ್ಮೆ ತೊಳೆಸಿ. ಎರಡು ಸಲಕ್ಕೆ 8 ಸಾವಿರ. ಪೈಪು, ವಾಲ್ವ್, ಪಂಪಿನ ಚಿಲ್ಲರೆ ರಿಪೇರಿ 8 ಸಾವಿರ. ವರ್ಷಕ್ಕೆ ಎರಡು ಸಲ ನೀರು ಪರೀಕ್ಷೆ 4 ಸಾವಿರ. ಅಲ್ಲಿಗೆ ಮೇಲೆ ಹೇಳಿದ 20 ಸಾವಿರ. ಇಂಗುಬಾವಿ ಹೂಳು ಎತ್ತೋಕೆ ಬಾವಿಗೆ 3,500, ಎರಡು ವರ್ಷಕ್ಕೊಮ್ಮೆ. ಜಾಲರಿ ತೊಳೆಯೋದು ಮಳೆಗಾಲದಲ್ಲಿ ವಾರಕ್ಕೊಮ್ಮೆ, ಅದಕ್ಕೆ ನಿಮ್ಮವರೇ ಸಾಕು.

ಜಾಲರಿ ಕಟ್ಟಿದೆ ಅಂತ ತಿಳಿಯೋದು ಸುಲಭ. ಸಣ್ಣ ಮಳೇಲೂ ಫಿಲ್ಟರಿನ ಕಸದ ಪೈಪಿಂದ ನೀರು ಧಾರೆಯಾಗಿ ಬಂದ್ರೆ ಕಟ್ಟಿದೆ ಅಂತ ಅರ್ಥ. ಇನ್ನೊಂದು, ಮಳೆ ಬಂದ ಮರುದಿನ ಬೆಳಿಗ್ಗೆ ಸಂಪ್‌ನಲ್ಲಿ ಅಳತೆ ಕೋಲು ಬಿಡಿ. ನಿಮ್ಮ ತಾರಸಿಗೆ ಒಂದು ಮಿ.ಮೀ. ಮಳೆಗೆ 3,200 ಲೀಟರ್ ಬರಬೇಕು. ಖಾಲಿ ಸಂಪ್‌ಗೆ 10 ಮಿ.ಮೀ. ಮಳೆಯಾಗಿ 32 ಸಾವಿರದ ಬದಲು 20 ಸಾವಿರ ಬಂದಿದ್ರೆ ಯಾವುದೋ ಒಂದು ಬ್ಲಾಕಿನ ನೀರು ಬರ್ತಿಲ್ಲ. ಮೊದಲು ನೋಡೋದು ಆ ವಾಲ್ವ್.

ತಾರಸಿ ಮೇಲೆ ಟ್ಯಾಂಕ್ ತುಂಬಿ ಚೆಲ್ಲೋ ನೀರೂ ಇದೇ ಪೈಪಿಗೆ ಬರುತ್ತೆ. ಮಳೆ ಇಲ್ಲದ ದಿನ ಸಂಪ್ ಏರಿದ್ರೆ ಬಾಲ್ ವಾಲ್ವ್ ಕೆಟ್ಟಿದೆ. ಅದನ್ನ ಮಳೆನೀರು ಅಂತ ರಿಜಿಸ್ಟರಲ್ಲಿ ಬರೆದುಕೊಂಡು ಖುಷಿಪಡಬೇಡಿ.

ತಂಬಿಗೆ

ತುಂಬ ಉಪಕಾರ. ಸಭೆಗೆ ಎರಡು ಹಾಳೆ ಒಯ್ಯುತ್ತೇನೆ. ಒಂದು 7.2 ಲಕ್ಷದ ನೇರ ಬಳಕೆ, ಇನ್ನೊಂದು ಪ್ರಯೋಗಕ್ಕೆ ಒಂದೇ ಇಂಗುಬಾವಿ. ಹೊಂಡದ್ದನ್ನು ಬೇಲಿಯ ನಕ್ಷೆ ಸಮೇತ ಕೊನೆಗೆ ಇಡುತ್ತೇನೆ, ಎದ್ದು ಹೋಗುವವರು ಅಷ್ಟರಲ್ಲಿ ಚಹಾ ಕುಡಿದಿರುತ್ತಾರೆ.

ಒಂದು ಪ್ರಶ್ನೆ ಉಳಿಯಿತು. ಬತ್ತಿದ ಮೂರನೆಯ ಬೋರ್‌ಗೆ ನೇರವಾಗಿ ತಾರಸಿ ನೀರು ಬಿಟ್ಟರೆ ಆಗುವುದಿಲ್ಲವೇ? ಕೊಟೇಶನ್ ಕೊಟ್ಟವರು 40 ಸಾವಿರಕ್ಕೆ ಮಾಡಿಕೊಡುತ್ತೇವೆ ಅಂದಿದ್ದಾರೆ.

ಬಂಡೆ ಸಂದು

ಪೈಪನ್ನು ನೇರ ಕೇಸಿಂಗ್ ಒಳಗೆ ಬಿಡುವುದಾದರೆ ಬೇಡವೇ ಬೇಡ. ಪಾರಿವಾಳದ ಹಿಕ್ಕೆ, ತಾರಸಿಗೆ ಬಳಿದ ಬಣ್ಣ ಎಲ್ಲ ಸೋಸದೆ ಆಳದ ನೀರಿಗೆ ಹೋಗುತ್ತದೆ. ಅಲ್ಲಿ ಸೇರಿದ್ದನ್ನು ಹಿಂದಕ್ಕೆ ತೆಗೆಯಲು ಆಗುವುದಿಲ್ಲ. ಕೇಸಿಂಗ್ ಸುತ್ತ ಹತ್ತಡಿ ಗುಂಡಿ ತೋಡಿ, ಕೇಸಿಂಗ್‌ಗೆ ತೂತು ಕೊರೆದು ಜಾಲರಿ ಸುತ್ತಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ಹಾಕುವ ಕ್ರಮ ಬೇರೆ. ಚಿತ್ರದುರ್ಗದ ಕಡೆ ಅದು ಬಹಳ ಚಾಲ್ತಿಯಲ್ಲಿದೆ. ಅದಕ್ಕೂ ತಾರಸಿ ನೀರು ಮಾತ್ರ, ಮೈದಾನದ ನೀರು ಬಿಡಬಾರದು.

ಸೂರಿನ ನೀರು

ಆ ಕ್ರಮದಲ್ಲಿ ಮೇಲಿನ ಮರಳು ಪ್ರತಿವರ್ಷ ಕೆರೆದು ತೆಗೆಯುವವರು ಯಾರು ಅನ್ನುವುದು ನನ್ನ ಅನುಮಾನ. ಬೋರ್ ಪಕ್ಕದಲ್ಲಿ ಸೆಪ್ಟಿಕ್ ಟ್ಯಾಂಕ್ ಏನಾದರೂ ಇದೆಯಾ ಮೇಡಂ?

ತಂಬಿಗೆ

ಹಾಸ್ಟೆಲ್‌ನದ್ದು ಇದೆ. ಅಂದಾಜು 40 ಅಡಿ ದೂರ.

ಬಂಡೆ ಸಂದು

ಹಾಗಿದ್ದರೆ ಆ ಬೋರ್‌ಗೆ ಬಿಗಿಯಾಗಿ ಮುಚ್ಚಳ ಹಾಕಿಸಿ. ಉಳಿದ ಎರಡು ಬೋರ್‌ಗಳ ನೀರಿನ ಮಟ್ಟವನ್ನು ಈ ತಿಂಗಳಿನಿಂದಲೇ, ಪಂಪು ನಿಲ್ಲಿಸಿದ ಮರುದಿನ ಬೆಳಿಗ್ಗೆ, ಅಳೆದು ಬರೆದಿಡಲು ಶುರುಮಾಡಿ. ಇಂಗುಬಾವಿ ತೋಡುವ ಮುಂಚಿನ ಅಂಕಿ ಇಲ್ಲದಿದ್ದರೆ ಆಮೇಲೆ ಏರಿತೋ ಇಳಿಯಿತೋ ಅಂತ ನಾನೂ ಹೇಳಲಾರೆ, ಕೊಟೇಶನ್ ಕೊಟ್ಟವರೂ ಹೇಳಲಾರರು.